ಒಂದು ಮೊತ್ತ ಗೊತ್ತಿದ್ದರೆ ಇನ್ನೆರಡು ಕೈಗೆ ಬರುವುದು ಹೇಗೆ?

1, 2, 3, 4… ಹೀಗೆ ಎಲ್ಲ ಸಂಖ್ಯೆಗಳ ವರ್ಗ ಮಾಡಿ, ಅವುಗಳ ವ್ಯುತ್ಕ್ರಮಗಳನ್ನು ಕೂಡುತ್ತಾ ಹೋದರೆ ಉತ್ತರ π²/6 ಎಂದು ಲಿಯೊನಾರ್ಡ್ ಆಯ್ಲರ್ 1734ರಲ್ಲಿ ಕಂಡುಹಿಡಿದರು. ಅಂದರೆ ಸುಮಾರು 1.6449. ಅದನ್ನು ಸಾಧಿಸುವುದು ಸುಲಭವಲ್ಲ. ಆದರೆ ಆ ಉತ್ತರವನ್ನು ನಂಬಿಕೊಂಡು ಹೊರಟರೆ, ಅದೇ ಮನೆತನದ ಇನ್ನೆರಡು ಮೊತ್ತಗಳು ನಾಲ್ಕೇ ಸಾಲಿನಲ್ಲಿ ಸಿಗುತ್ತವೆ. ಗೊತ್ತಿರುವ ಮೊತ್ತವನ್ನು S ಎನ್ನೋಣ.

S = 1 + 1/4 + 1/9 + 1/16 + 1/25 + … = π²/6

ಮೊದಲು ಸಮ ಸಂಖ್ಯೆಗಳು

ನಮಗೆ ಬೇಕಾದದ್ದು ಬೆಸ ಸಂಖ್ಯೆಗಳ ಮೊತ್ತ. ಆದರೂ ಶುರು ಮಾಡಬೇಕಾದದ್ದು ಸಮ ಸಂಖ್ಯೆಗಳಿಂದ. ಪ್ರತಿ ಸಮ ಸಂಖ್ಯೆಯೂ ಯಾವುದೋ ಒಂದು ಸಂಖ್ಯೆಯ ಎರಡರಷ್ಟು, ಅಲ್ವಾ? ಎರಡರಷ್ಟಾದಾಗ ವರ್ಗ ನಾಲ್ಕರಷ್ಟಾಗುತ್ತದೆ, ವ್ಯುತ್ಕ್ರಮ ಕಾಲು ಭಾಗವಾಗುತ್ತದೆ.

1/4 + 1/16 + 1/36 + … = (1/4)(1 + 1/4 + 1/9 + …) = S/4

ಆವರಣದೊಳಗೆ ಇಡೀ S ಮತ್ತೆ ಕಾಣಿಸಿಕೊಂಡಿತು. ಇಡೀ ಕೆಲಸ ನಿಂತಿರುವುದು ಇದರ ಮೇಲೆಯೇ. ಹಾಗಾಗಿ ಸಮ ಸಂಖ್ಯೆಗಳ ಪಾಲು π²/24, ಸುಮಾರು 0.4112.

ಸಂಖ್ಯೆಗಳಲ್ಲಿ ಅರ್ಧ ಸಮ, ಅರ್ಧ ಬೆಸ. ಹಾಗಾದರೆ ಮೊತ್ತವೂ ಅರ್ಧರ್ಧ ಎಂದು ಕೆಲವರು ಇಲ್ಲಿ ಎಡವುತ್ತಾರೆ. ಹಾಗಿದ್ದರೆ ಬೆಸ ಸಂಖ್ಯೆಗಳ ಪಾಲು ಸುಮಾರು 0.82 ಆಗಬೇಕಿತ್ತು. ಆದರೆ ಅದರ ಮೊದಲ ಪದವೇ 1! ತಪ್ಪು ಅಲ್ಲೇ ಗೊತ್ತಾಗುತ್ತದೆ.

ಈಗ ಬೆಸ ಸಂಖ್ಯೆಗಳು

ಒಟ್ಟು ಮೊತ್ತದಿಂದ ಸಮ ಪಾಲನ್ನು ಕಳೆದರೆ ಆಯಿತು.

1 + 1/9 + 1/25 + 1/49 + … = S − S/4 = (3/4)(π²/6) = π²/8

ಇದು ಸುಮಾರು 1.2337.

ಕೂಡಿ, ಕಳೆದು, ಕೂಡಿ…

ಮೂರನೆಯ ಮೊತ್ತದಲ್ಲಿ ಚಿಹ್ನೆ ಬದಲಾಗುತ್ತಾ ಹೋಗುತ್ತದೆ: 1 − 1/4 + 1/9 − 1/16 + … ಬೆಸ ಪದಗಳಿಗೆ ಕೂಡುವ ಚಿಹ್ನೆ, ಸಮ ಪದಗಳಿಗೆ ಕಳೆಯುವ ಚಿಹ್ನೆ. ಆದ್ದರಿಂದ ಬೆಸ ಪಾಲಿನಿಂದ ಸಮ ಪಾಲನ್ನು ಕಳೆಯಿರಿ.

π²/8 − π²/24 = π²/12

S ಇಂದ ಹೊರಟರೆ ಸಮ ಪಾಲನ್ನು ಎರಡು ಸಲ ಕಳೆಯಬೇಕು. ಒಂದು ಸಲ ಕಳೆದರೆ ಆ ಪದಗಳು ಇಲ್ಲವಾಗುತ್ತವೆ ಅಷ್ಟೇ, ಚಿಹ್ನೆ ಬದಲಾಗಲು ಇನ್ನೊಂದು ಸಲ ಕಳೆಯಬೇಕು. S − 2(S/4) = S/2. ಅದೇ π²/12, ಸುಮಾರು 0.8225.

ಕ್ಯಾಲ್ಕುಲೇಟರ್ ಹಿಡಿದು ನೋಡಬಹುದು. ಒಂಬತ್ತು ಪದಗಳಿಗೆ 0.8280 ಬರುತ್ತದೆ, ಹತ್ತಕ್ಕೆ 0.8180. ಪದಗಳು ಚಿಕ್ಕದಾಗುತ್ತಾ ಚಿಹ್ನೆ ಬದಲಿಸುವುದರಿಂದ ನಿಜವಾದ ಉತ್ತರ ಯಾವಾಗಲೂ ಇಂಥ ಎರಡರ ನಡುವೆ ಇರುತ್ತದೆ. ಎರಡರ ಸರಾಸರಿ 0.8230. ಬರೀ ಹತ್ತು ಪದಕ್ಕೆ ಇಷ್ಟು ಹತ್ತಿರ ಬಂದದ್ದು ಜಾಸ್ತಿಯೇ.

ಇದು ಯಾವಾಗ ಕೈಕೊಡುತ್ತದೆ?

ಅನಂತ ಪದಗಳನ್ನು ಸುಮ್ನೆ ಎರಡು ಗುಂಪು ಮಾಡಿ ಕಳೆಯಬಹುದೇ? ಎಲ್ಲ ಕಡೆ ಆಗುವುದಿಲ್ಲ. ವರ್ಗ ಬಿಟ್ಟು 1 − 1/2 + 1/3 − 1/4 + … ತೆಗೆದುಕೊಂಡು ಅದೇ ದಾರಿಯಲ್ಲಿ ಹೋಗಿ. ಸಮ ಪಾಲು ಒಟ್ಟಿನ ಅರ್ಧ, ಬೆಸ ಪಾಲೂ ಅರ್ಧ, ಕಳೆದರೆ ಸೊನ್ನೆ. ಆದರೆ ನಿಜವಾದ ಉತ್ತರ 2ರ ಸ್ವಾಭಾವಿಕ ಲಾಗರಿದಮ್, ಸುಮಾರು 0.6931.

ಎಲ್ಲಿ ತಪ್ಪಿತು ಎಂದು ತಿಳಿಯಲು ಅನಂತವನ್ನು ಬಿಟ್ಟು 2N ಪದಗಳಿಗೆ ನಿಲ್ಲಿಸಬೇಕು. ಆ 2N ಪದಗಳಲ್ಲಿ ಸಮ ಪದಗಳು N ಮಾತ್ರ. ಅವುಗಳಿಂದ ವರ್ಗಗಳಲ್ಲಿ 1/4, ವರ್ಗವಿಲ್ಲದಾಗ 1/2 ಹೊರಗೆ ತೆಗೆದಾಗ ಆವರಣದಲ್ಲಿ ಉಳಿಯುವುದು ಮೊದಲ 2N ಪದಗಳ ಮೊತ್ತವಲ್ಲ, ಮೊದಲ N ಪದಗಳದ್ದು. ನಾವು ಎರಡನ್ನೂ S ಎಂದು ಬರೆದುಬಿಟ್ಟೆವು. ಎರಡರ ನಡುವಿನ ವ್ಯತ್ಯಾಸ ಎಂದರೆ N+1 ರಿಂದ 2N ವರೆಗಿನ ಪದಗಳು.

ವರ್ಗಗಳಲ್ಲಿ ಅವು N ಪದಗಳು, ಪ್ರತಿಯೊಂದೂ 1/N² ಗಿಂತ ಕಡಿಮೆ. ಒಟ್ಟು 1/N ಗಿಂತ ಕಡಿಮೆ. N ಬೆಳೆದಂತೆ ಅದು ಕರಗಿ ಹೋಗುತ್ತದೆ, ಹಾಗಾಗಿ ಎರಡನ್ನೂ S ಎಂದದ್ದು ಸರಿಯೇ. ವರ್ಗವಿಲ್ಲದಾಗ ಆ N ಪದಗಳಲ್ಲಿ ಅತಿ ಚಿಕ್ಕದೂ 1/(2N). ಒಟ್ಟು ಕನಿಷ್ಠ ಅರ್ಧ. N ಎಷ್ಟೇ ದೊಡ್ಡದಾದರೂ ಆ ಅರ್ಧ ಅಲ್ಲೇ ಇರುತ್ತದೆ. ನಮ್ಮ ಲೆಕ್ಕ ಸೊನ್ನೆ ಎಂದು ಬಿಟ್ಟುಕೊಟ್ಟ 0.6931 ಇದ್ದದ್ದು ಆ ಪದಗಳಲ್ಲೇ.