ಬಲದಿಂದ ಎಡಕ್ಕೆ ಓದಿದ ಲಿಂಕು

ತಿಪಟೂರಿನಲ್ಲಿರುವ ನಮ್ಮ ಚಿಕ್ಕಪ್ಪನವರಿಗೆ, ಕೆವೈಸಿ ಮಾಡಿಸದಿದ್ದರೆ ರಾತ್ರಿಯೊಳಗೆ ಖಾತೆ ಸ್ಥಗಿತವಾಗುತ್ತದೆ ಎಂಬ ಮೆಸೇಜು ಬಂದಿತ್ತು. ಲಿಂಕು ಒತ್ತಿದಾಗ ತೆರೆದ ಪುಟದಲ್ಲಿ ಬ್ಯಾಂಕಿನ ಲೋಗೋ, ಅದೇ ಬಣ್ಣ, ಮೇಲೆ ಬೀಗದ ಗುರುತು ಎಲ್ಲವೂ ಇದ್ದವು. ಪಾಸ್‌ವರ್ಡ್ ಹಾಕುವ ಮುನ್ನ ನನಗೆ ಫೋನ್ ಮಾಡಿ, "ವಿಳಾಸದಲ್ಲಿ bank.in ಅಂತಲೇ ಇದೆಯಲ್ಲಪ್ಪಾ, ಹಾಕಿಬಿಡಲೇ?" ಎಂದರು. ಬೇಡವೆಂದು ಹೇಳಿ, ಲಿಂಕನ್ನು ನಕಲು ಮಾಡಿ ಕಳಿಸಲು ತಿಳಿಸಿದೆ. ಹೆಸರುಗಳನ್ನು ಬದಲಿಸಿ ಅದನ್ನು ಇಲ್ಲಿ ಕೊಡುತ್ತಿದ್ದೇನೆ:

```
https://xyz.bank.in.kyc-seva.example/login
```

ಚಿಕ್ಕಪ್ಪನವರ ನಂಬಿಕೆಗೆ ಆಧಾರವಿತ್ತು. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ `bank.in` ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಆ ಹೆಸರುಗಳನ್ನು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ಇರುವುದರಿಂದ ಬ್ಯಾಂಕಲ್ಲದವರಿಗೆ ಅವು ಸಿಗುವುದಿಲ್ಲ. ಆದರೆ ವಿಳಾಸದಲ್ಲಿ ಎಲ್ಲೋ ಒಂದು ಕಡೆ `bank.in` ಇದ್ದರೆ ಸಾಲದು, ಅದು ಕೊನೆಯಲ್ಲಿರಬೇಕು. ನಾನು ಮೊದಲು `https://` ಆದ ಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕುತ್ತೇನೆ. ಅದರ ಆಚೆಗಿನ ಯಾವ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಗೆರೆಯಿಂದ ಎಡಕ್ಕೆ, ಚುಕ್ಕಿಯಿಂದ ಚುಕ್ಕಿಗೆ ಓದುತ್ತಾ ಬರುತ್ತೇನೆ. ಇಲ್ಲಿ ಮೊದಲು ಸಿಕ್ಕಿದ್ದು `example`, ನಂತರ `kyc-seva`. ಅಲ್ಲಿಗೆ ಮಾಲೀಕ ಯಾರೆಂಬುದು ತೀರ್ಮಾನವಾಯಿತು. ಅದರ ಎಡಗಡೆ ಏನು ಬರೆಯಬೇಕೆಂಬುದು ಆ ಮಾಲೀಕನ ಇಷ್ಟ. ಫೋನಿನ ಕಿರಿದಾದ ವಿಳಾಸಪಟ್ಟಿಯಲ್ಲಿ ಎಡಭಾಗ ಮಾತ್ರ ಕಂಡರೆ ಈ ಬಾಲ ಮರೆಯಾಗುತ್ತದೆ. ಹೀಗಾಗಿ ನಾನು ಲಿಂಕನ್ನು ತೆರೆಯದೆ, ಒತ್ತಿಹಿಡಿದು ನಕಲು ಮಾಡಿ, ನೋಟ್ಸ್‌ನಲ್ಲಿ ಅಂಟಿಸಿ ಓದುತ್ತೇನೆ.

ಬೀಗದ ವಿಷಯವನ್ನು ಅವರಿಗೆ ಒಪ್ಪಿಸುವುದು ಕಷ್ಟವಾಯಿತು. ನಮಗೂ ಆ ತಾಣಕ್ಕೂ ನಡುವಿನ ಮಾತು ಮೂರನೆಯವರಿಗೆ ಕೇಳಿಸದು ಎಂಬುದಷ್ಟೇ ಬೀಗದ ಅರ್ಥ. ಆ ಕಡೆ ಇರುವವನು ಕಳ್ಳನೋ ಬ್ಯಾಂಕೋ ಎಂಬುದನ್ನು ಅದು ಹೇಳುವುದಿಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರ ಯಾರಿಗಾದರೂ ಉಚಿತವಾಗಿ ಸಿಗುತ್ತದೆ.

ಇಷ್ಟೆಲ್ಲ ಬಲ್ಲ ನಾನೇ ಕೆಲವು ತಿಂಗಳ ನಂತರ ಒಮ್ಮೆ ಮೋಸಹೋಗುವುದರಲ್ಲಿದ್ದೆ. ಆ ಸಲದ ವಿಳಾಸ `xyz-bank.in` ಎಂಬಂತಿತ್ತು. ಬಲದಿಂದ ಓದಿದರೂ `bank.in` ಕಂಡಿತೆಂದು ನನ್ನ ಕಣ್ಣು ಒಪ್ಪಿಬಿಟ್ಟಿತ್ತು. ಆದರೆ `bank` ಪದದ ಹಿಂದೆ ಇದ್ದದ್ದು ಚುಕ್ಕಿಯಲ್ಲ, ಅಡ್ಡಗೆರೆ. ಚುಕ್ಕಿ ಹೆಸರನ್ನು ಬೇರ್ಪಡಿಸುತ್ತದೆ, ಅಡ್ಡಗೆರೆ ಕೂಡಿಸುತ್ತದೆ. ಹಾಗಾಗಿ ಅದು `.in` ಅಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ `xyz-bank` ಎಂಬ ಒಂದೇ ಹೆಸರು. ನನ್ನನ್ನು ಉಳಿಸಿದ್ದು ಕಣ್ಣಲ್ಲ, ಪಾಸ್‌ವರ್ಡ್ ಮ್ಯಾನೇಜರ್: ಎಂದೂ ತಾನಾಗಿ ಪಾಸ್‌ವರ್ಡ್ ತುಂಬುವ ಅದು ಆ ಸಲ ತುಂಬದೆ ಸುಮ್ಮನಿತ್ತು, ಏಕೆಂದರೆ ಅದು ಹೋಲಿಕೆಯನ್ನು ನೋಡುವುದಿಲ್ಲ, ಅಕ್ಷರವನ್ನು ನೋಡುತ್ತದೆ.

ಚುಟುಕು ಲಿಂಕುಗಳಲ್ಲಿ ಈ ಓದು ನಡೆಯದು, ಅಲ್ಲಿ ನಿಜವಾದ ವಿಳಾಸವೇ ಕಾಣುವುದಿಲ್ಲ. ಅಂಥವನ್ನು ಬಿಟ್ಟು ಬ್ಯಾಂಕಿನ ಆ್ಯಪ್ ತೆರೆಯುತ್ತೇನೆ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಚಿಕ್ಕಪ್ಪನವರ ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟಿದ್ದೇನೆ. ಈಗ ಅವರು ಬಂದ ಲಿಂಕನ್ನೆಲ್ಲ ನನಗೆ ಕಳಿಸಿ, ಕೆಳಗೆ "ಚುಕ್ಕಿಯೋ ಗೆರೆಯೋ?" ಎಂದು ಕೇಳುತ್ತಾರೆ.