ದುಡ್ಡು ಕೊಡುವ ಮೊದಲೇ ನಷ್ಟ: ಡಾಲರ್ ಬಿಲ್ ಲೆಕ್ಕ ಬರೆದ ನನ್ನ ಅನುಭವ

ಶಿವಮೊಗ್ಗದ ಮಾಚೇನಹಳ್ಳಿಯಲ್ಲಿರುವ ಒಂದು ಫೌಂಡ್ರಿಯ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಎರಕ ಹೊಯ್ಯುವಾಗ ಕರಗಿದ ಕಬ್ಬಿಣದಲ್ಲಿರುವ ಕಸ ತಡೆಯಲು ಅಚ್ಚಿನೊಳಗೆ ಸೆರಾಮಿಕ್ ಫಿಲ್ಟರ್ ಇಡುತ್ತಾರೆ. ಅವನ್ನು ಚೀನಾದಿಂದ ತರಿಸುತ್ತಾರೆ. ಬಿಲ್ ಡಾಲರ್‌ನಲ್ಲಿ, 90 ದಿನದ ಉದ್ದರಿ. ಸರಕು ಫೆಬ್ರವರಿಯದು, ಹಣ ಕೊಡುವುದು ಮೇ ತಿಂಗಳಲ್ಲಿ. ನಡುವೆ ಮಾರ್ಚ್ 31 ಬರುತ್ತದೆ. ತಲೆನೋವೆಲ್ಲ ಅಲ್ಲೇ.

ಬಿಲ್ 20,000 ಡಾಲರ್‌ದು ಅಂತಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ದರಗಳನ್ನು ದುಂಡು ಮಾಡಿದ್ದೇನೆ.

ಮೊದಲು ಖರೀದಿ ದಿನ ಯಾವುದು ಅಂತ ನೋಡಬೇಕು. ಇವರದು ಎಫ್‌ಒಬಿ ಒಪ್ಪಂದ. ಅಂದರೆ ಸರಕು ಹಡಗಿಗೆ ಏರಿದ ಮೇಲೆ ಅದರ ಹೊಣೆ ಇವರದು. ಹಾಗಾಗಿ ಸರಕು ಹಡಗಿಗೆ ಏರಿದ್ದಕ್ಕೆ ಕೊಡುವ ಕಾಗದ, ಅಂದರೆ ಬಿಲ್ ಆಫ್ ಲೇಡಿಂಗ್, ಅದರ ದಿನದ ದರ ಹಿಡಿದೆ. ಅಂದು ಡಾಲರ್‌ಗೆ 83 ರೂಪಾಯಿ. ಖರೀದಿ 16,60,000 ರೂಪಾಯಿ, ಮಾರಿದವರಿಗೆ ಬಾಕಿಯೂ ಅಷ್ಟೇ.

ಸರಕು ಚೆನ್ನೈ ಬಂದರಿಗೆ ಬಂದಾಗ ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ದರ 84.10 ಅಂತಿತ್ತು. ಅದು ಕಸ್ಟಮ್ಸ್‌ನವರು ಸುಂಕ ಮತ್ತು ಐಜಿಎಸ್‌ಟಿ ಲೆಕ್ಕ ಹಾಕಲು ನಿಗದಿ ಮಾಡುವ ದರ. ತುಂಬಾ ಕಡೆ ಇದೇ ಕಾಗದ ಕೈಗೆ ಸಿಗುವುದರಿಂದ ಖರೀದಿಯನ್ನೂ ಅದೇ ದರದಲ್ಲಿ ಬರೆದುಬಿಡುತ್ತಾರೆ. ಹಾಗೆ ಬರೆದರೆ ಇಲ್ಲಿ ಖರೀದಿ 22,000 ರೂಪಾಯಿ ಜಾಸ್ತಿ ಆಗುತ್ತದೆ. ಮುಂದೆ ಬರುವ ನಷ್ಟವೂ ಲಾಭದ ಹಾಗೆ ಕಾಣುತ್ತದೆ. ಕಟ್ಟಿದ ಸುಂಕವನ್ನು ಸರಕಿನ ಬೆಲೆಗೆ ಸೇರಿಸಿ, ಐಜಿಎಸ್‌ಟಿಯನ್ನು ಕ್ರೆಡಿಟ್‌ಗೆ ತೆಗೆದುಕೊಳ್ಳಿ. ಆ ದರದ ಕೆಲಸ ಅಲ್ಲಿಗೆ ಮುಗಿಯಿತು.

ಮಾರ್ಚ್ 31ಕ್ಕೆ, ಡಾಲರ್‌ನ ಉಲ್ಲೇಖ ದರ ಪ್ರಕಟಿಸುವ ಸಂಸ್ಥೆ ಎಫ್‌ಬಿಐಎಲ್ ಕೊಟ್ಟ ದರ ನೋಡಿದೆ. 84 ಅಂತಿಟ್ಟುಕೊಳ್ಳಿ. ಬಾಕಿ ಈಗ 16,80,000. ಏರಿದ 20,000 ರೂಪಾಯಿಯನ್ನು ಆ ವರ್ಷದ ಲಾಭ-ನಷ್ಟ ಖಾತೆಗೆ ವಿನಿಮಯ ನಷ್ಟ ಅಂತ ಹಾಕಿದೆ. ವಿದೇಶಿ ವಿನಿಮಯದ ಲೆಕ್ಕಕ್ಕಿರುವ ಮಾನದಂಡ ಎಎಸ್ 11 ಹೇಳುವುದು ಇದನ್ನೇ.

ಮಾಲೀಕರು ಒಪ್ಪಲಿಲ್ಲ. "ದುಡ್ಡೇ ಕೊಟ್ಟಿಲ್ಲ ಸರ್, ಆಗಲೇ ನಷ್ಟ ಹೆಂಗೆ?" ಎಂದರು. ಅವರಿಗೆ ಅಡಿಕೆ ತೋಟವೂ ಇದೆ. "ಹತ್ತು ಕ್ವಿಂಟಾಲ್ ರಾಶಿ ಅಡಿಕೆ ವಾಪಸ್ ಕೊಡ್ತೀನಿ ಅಂತ ಸಾಲ ಮಾಡಿದೀರಿ ಅನ್ಕೊಳ್ಳಿ. ಮಂಡಿಯಲ್ಲಿ ರೇಟ್ ಏರಿದರೆ ಇವತ್ತೇ ನಿಮ್ಮ ಸಾಲ ಏರಿತು ಅಲ್ವಾ?" ಎಂದೆ. ಅದು ಅರ್ಥವಾಯಿತು. ಕೂಡಲೇ ಇನ್ನೊಂದು ಪ್ರಶ್ನೆ ಬಂತು: "ಅರ್ಧ ಫಿಲ್ಟರ್ ಇನ್ನೂ ಗೋಡೌನ್‌ನಲ್ಲೇ ಇದೆ. ಆ ಇಪ್ಪತ್ತು ಸಾವಿರದಲ್ಲಿ ಅರ್ಧ ಸ್ಟಾಕ್ ಬೆಲೆಗೆ ಸೇರಿಸಬಹುದಲ್ಲ?"

ಒಳ್ಳೆಯ ಪ್ರಶ್ನೆ, ಆದರೆ ಸೇರಿಸುವಂತಿಲ್ಲ. ಸರಕಿನ ಬೆಲೆ ಖರೀದಿಯ ದಿನ 83ರ ದರಕ್ಕೆ ನಿಂತುಹೋಯಿತು. ಆಮೇಲೆ ಏರಿ ಇಳಿಯುವುದು ಬಾಕಿ ಮಾತ್ರ. 90 ದಿನ ಉದ್ದರಿ ಇಟ್ಟುಕೊಳ್ಳುವುದು ಹಣಕಾಸಿನ ತೀರ್ಮಾನ. ಅದರ ಲಾಭ-ನಷ್ಟವನ್ನು ಸ್ಟಾಕ್‌ಗೆ ಸೇರಿಸಿದರೆ ಎರಕದ ಖರ್ಚು ಎಷ್ಟು ಅನ್ನುವುದೇ ತಪ್ಪಾಗಿ ಕಾಣುತ್ತದೆ. ಗಿರಾಕಿಗೆ ದರ ಹೇಳುವಾಗ ಇದು ಪೆಟ್ಟು ಕೊಡುತ್ತದೆ. ವಿದೇಶದಿಂದ ಯಂತ್ರ ತರಿಸಿದ್ದರೆ ಆದಾಯ ತೆರಿಗೆಯ ಲೆಕ್ಕ ಬೇರೆ. ಅಲ್ಲಿ ಹಣ ಕೊಟ್ಟಾಗ ಬಂದ ವ್ಯತ್ಯಾಸ ಯಂತ್ರದ ಬೆಲೆಗೆ ಸೇರುತ್ತದೆ.

ಮೇ ತಿಂಗಳಲ್ಲಿ ಬ್ಯಾಂಕ್ 83.50ರ ದರ ಹಾಕಿತು. 16,70,000 ಹೋಯಿತು. ಪುಸ್ತಕದಲ್ಲಿ ಬಾಕಿ 16,80,000 ಇತ್ತು. ಹಾಗಾಗಿ ಹೊಸ ವರ್ಷಕ್ಕೆ 10,000 ಲಾಭ. ಖರೀದಿ ದಿನದಿಂದ ನೋಡಿದರೆ ಒಟ್ಟು 10,000 ನಷ್ಟವೇ. ಅದು ಹಳೇ ವರ್ಷದ 20,000 ನಷ್ಟ, ಹೊಸ ವರ್ಷದ 10,000 ಲಾಭ ಅಂತ ಎರಡು ವರ್ಷಕ್ಕೆ ಹಂಚಿಹೋಯಿತು. ಬ್ಯಾಂಕ್ ತನ್ನ ಶುಲ್ಕ, ಅದರ ಮೇಲಿನ ಜಿಎಸ್‌ಟಿಯನ್ನೂ ಅದೇ ದಿನ ಕಡಿತ ಮಾಡುತ್ತದೆ. ಪಾಸ್‌ಬುಕ್‌ನ ಒಟ್ಟು ಮೊತ್ತ ನೋಡಿ ವಿನಿಮಯ ವ್ಯತ್ಯಾಸ ಬರೆಯಬೇಡಿ. ಬ್ಯಾಂಕ್ ಕೊಡುವ ಅಡ್ವೈಸ್ ತರಿಸಿಕೊಳ್ಳಿ. ಅದರಲ್ಲಿ ದರ, ಶುಲ್ಕ, ತೆರಿಗೆ ಬೇರೆ ಬೇರೆ ಇರುತ್ತವೆ.

ಟ್ಯಾಲಿಯಲ್ಲಿ ಮಾರಿದವರ ಖಾತೆಯನ್ನು ಡಾಲರ್‌ನಲ್ಲೇ ತೆರೆದಿದ್ದೇನೆ. ವ್ಯತ್ಯಾಸ ಬಂದರೆ ಬ್ಯಾಲೆನ್ಸ್ ಶೀಟಿನಲ್ಲಿ Unadjusted Forex Gain/Loss ಅಂತ ತಾನಾಗಿ ಕಾಣುತ್ತದೆ. ಅದನ್ನು ಹಾಗೇ ಬಿಟ್ಟು ಆಡಿಟ್‌ಗೆ ಕಳಿಸುವವರಿದ್ದಾರೆ. ಜರ್ನಲ್ ಹಾಕಿ ವಿನಿಮಯ ಖಾತೆಗೆ ಸಾಗಿಸಿದರೆ ಮಾತ್ರ ಆ ಸಾಲು ಹೋಗುತ್ತದೆ.

ಹಣ ಕಳಿಸಿದ ಮೇಲೆ ಆ ಖಾತೆಯನ್ನು ಒಮ್ಮೆ ತೆರೆದು ನೋಡುತ್ತೇನೆ. ಡಾಲರ್ ಬಾಕಿ ಸೊನ್ನೆ ಇದ್ದು ರೂಪಾಯಿಯಲ್ಲಿ ಏನಾದರೂ ಉಳಿದಿದ್ದರೆ, ಅದು ಇನ್ನೂ ಬರೆಯದ ವಿನಿಮಯ ವ್ಯತ್ಯಾಸ. ಡಾಲರ್‌ನಲ್ಲೇ ಉಳಿದಿದ್ದರೆ ದರದ ವಿಷಯ ಅಲ್ಲ. ಎಲ್ಲೋ ಮಧ್ಯವರ್ತಿ ಬ್ಯಾಂಕ್ ಶುಲ್ಕ ಹಿಡಿದಿರಬಹುದು, ಇಲ್ಲವೇ ಪಾವತಿಯನ್ನು ಬೇರೆ ಬಿಲ್‌ಗೆ ಜೋಡಿಸಿರಬಹುದು. ಆಗ ಮಾರಿದವರಿಂದ ಸ್ಟೇಟ್‌ಮೆಂಟ್ ತರಿಸಿ ಬಿಲ್‌ಗೆ ಬಿಲ್ ತಾಳೆ ನೋಡುತ್ತೇನೆ.