ನಡುವಿನಿಂದ ಶುರು ಮಾಡಿದಾಗ ಲೆಕ್ಕ ಕೂಡಿತು

ಗಂಗಾವತಿಯಿಂದ ಅಕ್ಕ ಮಗಳ ವರ್ಕ್‌ಶೀಟ್ ಫೋಟೋ ಕಳಿಸಿದ್ದಳು. ತರಗತಿಯಲ್ಲಿ 40 ಮಕ್ಕಳು, ಕ್ರಿಕೆಟ್ ಆಡುವವರು 25, ಕಬಡ್ಡಿ ಆಡುವವರು 20, ಎರಡೂ ಆಡುವವರು 10. ಎರಡರಲ್ಲಿ ಯಾವುದನ್ನೂ ಆಡದವರು ಎಷ್ಟು?

ಹಾಳೆಯಲ್ಲಿ ಸ್ವಲ್ಪ ಒಂದರ ಮೇಲೊಂದು ಬಂದ ಎರಡು ವೃತ್ತಗಳಿದ್ದವು, ಎಡದ್ದು ಕ್ರಿಕೆಟ್‌ಗೆ, ಬಲದ್ದು ಕಬಡ್ಡಿಗೆ. ಅಕ್ಕ ಎಡಕ್ಕೆ 25, ನಡುವೆ 10, ಬಲಕ್ಕೆ 20 ಬರೆದಿದ್ದಳು. ಕೂಡಿದರೆ 55! ಇರೋದೇ 40 ಮಕ್ಕಳು, ಅಲ್ವಾ?

ಬಾಯಲ್ಲಿ ಹೇಳಿದರೆ ತಿಳಿಯಲಿಲ್ಲ. ವಿಡಿಯೋ ಕಾಲ್ ಮಾಡಿ, ಒಂದು ತಟ್ಟೆಯಲ್ಲಿ ಎರಡು ಬಳೆಗಳನ್ನು ಸ್ವಲ್ಪ ಒಂದರ ಮೇಲೊಂದು ಬರುವಂತೆ ಇಟ್ಟು, 40 ತೊಗರಿ ಕಾಳು ಎಣಿಸಿಕೋ ಅಂದೆ. ಮೊದಲು ಎರಡೂ ಬಳೆಯೊಳಗೆ ಬರುವ ನಡುವಿನ ಜಾಗಕ್ಕೆ 10 ಕಾಳು. ಈಗ ಕ್ರಿಕೆಟ್ ಬಳೆಯೊಳಗೆ ಒಟ್ಟು 25 ಆಗಬೇಕು, 10 ಆಗಲೇ ಇವೆ, ಹಾಗಾಗಿ ಇನ್ನು 15 ಸಾಕು. ಕಬಡ್ಡಿಗೂ ಹಾಗೇ, ಇನ್ನು 10. "ಓ, 25 ಅಂದ್ರೆ ಪೂರ್ತಿ ಬಳೆ!" ಅಂದಳು ಅಕ್ಕ. ಅದೇ ತಪ್ಪಿದ್ದು. ಪ್ರಶ್ನೆಯಲ್ಲಿ 'ಕ್ರಿಕೆಟ್ ಮಾತ್ರ' ಅಂತ ಇದ್ದಿದ್ದರೆ ಆಗ 25 ಎಡಕ್ಕೇ ಹೋಗುತ್ತಿತ್ತು.

ಕೈಯಲ್ಲಿ 5 ಕಾಳು ಉಳಿದವು. ಅವು ಬಳೆಗಳ ಹೊರಗೆ, ಆದರೆ ತಟ್ಟೆಯೊಳಗೆ. ಫೋಟೋದಲ್ಲಿ ವೃತ್ತಗಳ ಸುತ್ತಲಿನ ಆಯತದ ಗೆರೆ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು, ಅದಕ್ಕೇ ಆ 5ಕ್ಕೆ ಜಾಗ ಕಂಡಿರಲಿಲ್ಲ. ಹಾಳೆ ತೆಗೆದು ನೋಡಿದರೆ ಗೆರೆ ಇತ್ತು.